ಕತ್ತರಿ ಹಾಕೋದು ಎಲ್ಲಿ?

ನಾನು ನುಡಿಸೋದು ಸೆಕೆಂಡ್ ವಯೊಲಿನ್. ವಾರವಿಡೀ ಆಫೀಸು, ಶನಿವಾರ ಸಂಜೆ ಎರಡು ಗಂಟೆ ನಮ್ಮ ಗುಂಪಿನ ಅಭ್ಯಾಸ. ನಾವು ಒಟ್ಟು ಎಂಟು ಜನ: ಒಬ್ಬಳು ಸೋಲೊ ವಯೊಲಿನ್, ಇಬ್ಬರು ಫಸ್ಟ್, ಇಬ್ಬರು ಸೆಕೆಂಡ್, ಒಂದು ವಿಯೋಲ, ಒಂದು ಚೆಲ್ಲೊ, ಹಾರ್ಪ್ಸಿಕಾರ್ಡ್ ಬದಲಿಗೆ ಒಂದು ಕೀಬೋರ್ಡ್. ಇದನ್ನು ಆರ್ಕೆಸ್ಟ್ರಾ ಅಂತ ಕರೆಯೋದು ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ಬರೋಕ್ ಕಾಲದ, ಅಂದರೆ ಸುಮಾರು ಮುನ್ನೂರು ವರ್ಷ ಹಳೆಯ ಯುರೋಪಿನ ಸಂಗೀತಕ್ಕೆ ಇಷ್ಟು ಜನ ಸಾಕು.

ಈ ವರ್ಷ ನಾವು ಕೈಗೆತ್ತಿಕೊಂಡದ್ದು ಬಾಖ್‌ನ ಇ ಮೇಜರ್ ವಯೊಲಿನ್ ಕನ್ಚೆರ್ಟೊದ ಮೊದಲ ಭಾಗ. ಮೊಬೈಲಲ್ಲಿ ಹುಡುಕೋದಾದರೆ BWV 1042 ಅಂತ ಟೈಪ್ ಮಾಡಿ, ತಕ್ಷಣ ಸಿಗುತ್ತೆ. ಈ ಭಾಗ ನುಡಿಸೋಕೆ ನಮಗೆ ಹತ್ತಿರ ಹತ್ತಿರ ಎಂಟು ನಿಮಿಷ ಬೇಕು. ಒಂದು ಅಪಾರ್ಟ್‌ಮೆಂಟಿನ ವಾರ್ಷಿಕೋತ್ಸವದಲ್ಲಿ ನಮಗೆ ಸಿಕ್ಕಿದ್ದು ಆರೇ ನಿಮಿಷ. ಆರು ಅಂದರೆ ಆರೇ, ನಂತರ ಮಕ್ಕಳ ಡ್ಯಾನ್ಸ್ ಇದೆ ಅಂತ ಮೊದಲೇ ಹೇಳಿದ್ದರು.

"ಸುಲಭ ಬಿಡಿ, ಆರ್ಕೆಸ್ಟ್ರಾ ಮತ್ತೆ ಮತ್ತೆ ಅದನ್ನೇ ನುಡಿಸುತ್ತಲ್ಲ, ಅದನ್ನ ತೆಗೆದುಬಿಡೋಣ. ಸೋಲೊ ಪೂರ್ತಿ ಇರಲಿ," ಅಂದರು ಕೀಬೋರ್ಡಿನವರು. ಮೇಲುನೋಟಕ್ಕೆ ನ್ಯಾಯವಾದ ಮಾತೇ. ಜನ ಕೇಳೋಕೆ ಬರೋದು ಸೋಲೊ. ಆದರೆ ತೆಗೆಯೋಣ ಅಂದದ್ದು ನಾನು ನುಡಿಸುವ ಸಾಲುಗಳನ್ನು! ಹಾಗಾಗಿ ಆ ಸಾಲುಗಳು ಅಲ್ಲಿ ಏನು ಕೆಲಸ ಮಾಡುತ್ತವೆ ಅಂತ ನೋಡಲೇಬೇಕಾಯಿತು. ಎರಡು ವಾರ ಪೆನ್ಸಿಲ್ ಹಿಡಿದು ಆ ಸ್ವರಲಿಪಿಯ ಮುಂದೆ ಕೂತೆ.

ಹೀಗೆ ವಾಪಸ್ ಬರುವ ಆರ್ಕೆಸ್ಟ್ರಾ ಭಾಗಕ್ಕೆ ಇಟಾಲಿಯನ್ ಭಾಷೆಯಲ್ಲಿ ರಿಟೊರ್ನೆಲ್ಲೊ ಅಂತಾರೆ. ಪುಟ್ಟದಾಗಿ ಹಿಂತಿರುಗುವುದು ಅಂತ ಅದರ ಅರ್ಥ. ಮೊದಲು ಎಲ್ಲರೂ ಸೇರಿ ಒಂದು ತುಂಬಿದ ಸಾಲು ನುಡಿಸುತ್ತಾರೆ, ನಂತರ ಸೋಲೊ ಒಂದಷ್ಟು ದೂರ ಓಡಾಡಿಕೊಂಡು ಬರುತ್ತದೆ, ಮತ್ತೆ ಎಲ್ಲರೂ, ಮತ್ತೆ ಸೋಲೊ. ಇಷ್ಟು ಹೇಳಿದರೆ ನಮಗೆ ನೆನಪಾಗೋದು ಕೀರ್ತನೆಯ ಪಲ್ಲವಿ. ಅನುಪಲ್ಲವಿ ಹಾಡಿ ಪಲ್ಲವಿಗೆ, ಚರಣ ಹಾಡಿ ಪಲ್ಲವಿಗೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತ ನನ್ನ ಕಿವಿಗೂ ಮೊದಲು ಹಾಗೇ ಕೇಳಿಸಿದ್ದು. ಹೋಲಿಕೆ ಅರ್ಧ ದಾರಿಯವರೆಗೆ ಸರಿ. ಮುಂದೆ ಎರಡು ಕಡೆ ಅದು ಕೈಕೊಡುತ್ತದೆ. ಆ ಎರಡನ್ನೂ ನೋಡೋಕೆ ಬಾಖ್‌ಗಿಂತ ವಿವಾಲ್ಡಿ ಸುಲಭ.

ವಿವಾಲ್ಡಿಯ 'ವಸಂತ' ನೀವು ಖಂಡಿತ ಕೇಳಿರ್ತೀರಿ. ಹೆಸರು ಗೊತ್ತಿಲ್ಲದಿದ್ದರೂ ಜಾಹೀರಾತಿನಲ್ಲೋ, ಹೋಟೆಲ್ ಲಾಬಿಯಲ್ಲೋ, ಕಾಲ್ ಸೆಂಟರಿನವರು ಹೋಲ್ಡ್‌ನಲ್ಲಿ ಇಟ್ಟಾಗಲೋ ಕಿವಿಗೆ ಬಿದ್ದಿರುತ್ತೆ. 'ನಾಲ್ಕು ಋತುಗಳು' ಅಂತ ಹೆಸರಾದ ನಾಲ್ಕು ಕನ್ಚೆರ್ಟೊಗಳಲ್ಲಿ ಅದು ಮೊದಲನೆಯದು, 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಮೊದಲ ಭಾಗ ಮೂರೂವರೆ ನಿಮಿಷದ ಆಸುಪಾಸು. ಶುರುವಿನ ರಿಟೊರ್ನೆಲ್ಲೊದಲ್ಲಿ ಎರಡು ಸಾಲಿವೆ. ಮೊದಲ ಸಾಲನ್ನು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ನುಡಿಸುತ್ತಾರೆ. ಎರಡನೇ ಸಾಲೂ ಹಾಗೇ, ಒಮ್ಮೆ ಜೋರು, ಒಮ್ಮೆ ಮೆಲ್ಲಗೆ.

ಈಗ ಒಂದು ಕೆಲಸ ಮಾಡಿ. ಆ ಮೊದಲ ಸಾಲು, ಎಲ್ಲರಿಗೂ ಬಾಯಿಪಾಠ ಇರುವ ಆ ಸಾಲು, ಮತ್ತೆ ಎಷ್ಟು ಸಲ ಬರುತ್ತೆ ಎಣಿಸಿ. ಇದ್ದದ್ದು ಇದ್ದ ಹಾಗೆ ಒಂದು ಸಲವೂ ಬರುವುದಿಲ್ಲ. ಹಕ್ಕಿಗಳು ಕೂಗಿದ ಮೇಲೆ ಬರೋದು ಎರಡನೇ ಸಾಲು ಮಾತ್ರ. ತೊರೆ ಹರಿದ ಮೇಲೂ ಅದೇ, ಗುಡುಗು ಸಿಡಿಲಿನ ಮೇಲೂ ಅದೇ. ಕೊನೆಯ ಹತ್ತಿರ ಆರ್ಕೆಸ್ಟ್ರಾ ಶುರುವಿನ ಸಾಲಿನ ನೆನಪು ತರಿಸುವಂಥದ್ದೊಂದನ್ನು ನುಡಿಸುತ್ತೆ ನಿಜ, ಆದರೆ ಅದರ ರೂಪ ಬೇರೆ. ಮುಗಿಸೋದು ಮತ್ತೆ ಎರಡನೇ ಸಾಲಿಂದಲೇ.

ಪಲ್ಲವಿಗೂ ಇದಕ್ಕೂ ಇರುವ ಮೊದಲ ವ್ಯತ್ಯಾಸ ಇದು. ರಿಟೊರ್ನೆಲ್ಲೊ ಇಡಿಯಾಗಿ ವಾಪಸ್ ಬರಲೇಬೇಕು ಅಂತೇನಿಲ್ಲ. ಅದನ್ನು ತುಂಡು ತುಂಡಾಗಿ ಬಿಡಿಸಬಹುದಾದ ಹಾಗೇ ಹೆಣೆದಿರುತ್ತಾರೆ. ತಲೆ ಒಂದು ತುಂಡು, ನಡು ಒಂದು, ಬಾಲ ಒಂದು. ತಲೆಯ ಕೆಲಸ ಗುರುತು ಹಿಡಿಸೋದು, ಬಾಲದ ಕೆಲಸ ಬಾಗಿಲು ಹಾಕೋದು. ನಡುವೆ ಎಲ್ಲಿ ಯಾವ ತುಂಡು ಸಾಕೋ ಅಲ್ಲಿ ಅಷ್ಟನ್ನೇ ತರುತ್ತಾರೆ.

ಎರಡನೇ ವ್ಯತ್ಯಾಸ ಇನ್ನೂ ದೊಡ್ಡದು. ಪಲ್ಲವಿ ಎಷ್ಟು ಸಲ ಬಂದರೂ ಆಧಾರ ಷಡ್ಜ ಅದೇ, ತಂಬೂರಿ ಕದಲೋದಿಲ್ಲ. ಇಲ್ಲಿ ಷಡ್ಜವೇ ಜಾಗ ಬದಲಿಸಬಹುದು. 'ವಸಂತ' ಶುರುವಾಗೋದು ಇ ಮೇಜರ್‌ನಲ್ಲಿ. ನಮ್ಮ ಕಣ್ಣಿಂದ ನೋಡಿದರೆ ಇ ಸ್ವರವೇ ಸ, ರಾಗ ಶಂಕರಾಭರಣದ ಸ್ವರಗಳು. ತೊರೆ ಹರಿದ ಮೇಲೆ ಎರಡನೇ ಸಾಲು ಬಂದಾಗ ಹಳೆಯ ಪಂಚಮವೇ ಹೊಸ ಷಡ್ಜ ಆಗಿರುತ್ತದೆ. ಗುಡುಗಿನ ನಂತರ ಬಂದಾಗ ಹಳೆಯ ದೈವತ ಹೊಸ ಷಡ್ಜ. ಗ್ರಹಭೇದ ಗೊತ್ತಿರೋರಿಗೆ ಇದು ಥಟ್ಟನೆ ಹೊಳೆಯುತ್ತೆ: ಶಂಕರಾಭರಣದ ದೈವತವನ್ನು ಷಡ್ಜ ಮಾಡಿಕೊಂಡರೆ ನಟಭೈರವಿ ಸಿಗುತ್ತದೆ. ಹಾಗಾಗಿ ಗುಡುಗಿನ ನಂತರ ಬರುವ ಅದೇ ಸಾಲಿಗೆ ಒಂದು ಮೋಡ ಮುಸುಕಿದ ಬಣ್ಣ. ಸಾಲು ಅದೇ, ಊರು ಬೇರೆ.

ಸೋಲೊ ನುಡಿಸುವಾಗ ಸಂಗೀತ ಒಂದು ಷಡ್ಜದಿಂದ ಇನ್ನೊಂದಕ್ಕೆ ಜಾರುತ್ತಾ ಇರುತ್ತದೆ. ಜಾರುವಾಗ ಎಲ್ಲಿಗೆ ಹೋಗ್ತಿದೀವಿ ಅಂತ ಕೇಳುವವರಿಗೆ ಖಾತ್ರಿ ಇರೋದಿಲ್ಲ. ರಿಟೊರ್ನೆಲ್ಲೊ ಬಂದು "ನೋಡಿ, ಈಗ ಇಲ್ಲಿದೀವಿ" ಅಂತ ಗೂಟ ಹೊಡೆಯುತ್ತದೆ. ಬಸ್ಸಿನ ಕಂಡಕ್ಟರ್ ಊರಿನ ಹೆಸರು ಕೂಗಿದ ಹಾಗೆ. ಆ ಕೂಗನ್ನು ತೆಗೆದುಬಿಟ್ಟರೆ ಬಸ್ ಓಡುತ್ತೆ, ಆದರೆ ನಿಲ್ದಾಣ ಯಾವುದು ಅಂತ ಯಾರಿಗೂ ಗೊತ್ತಾಗೋದಿಲ್ಲ. ಕೀಬೋರ್ಡಿನವರ ಮೊದಲ ಸಲಹೆ ಇಲ್ಲಿಗೇ ಬಿದ್ದುಹೋಯಿತು.

ಇನ್ನು ಬಾಖ್. ವಯಸ್ಸಿನಲ್ಲಿ ಅವನು ವಿವಾಲ್ಡಿಗಿಂತ ಏಳು ವರ್ಷ ಚಿಕ್ಕವನು. ಇಬ್ಬರೂ ಭೇಟಿಯಾಗಲಿಲ್ಲ. ಆದರೆ ವಿವಾಲ್ಡಿಯ ಹನ್ನೆರಡು ಕನ್ಚೆರ್ಟೊಗಳ ಒಂದು ಸಂಪುಟ 1711ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಗಿ ಯುರೋಪೆಲ್ಲಾ ಹರಡಿತು. ಆಗ ಬಾಖ್ ಜರ್ಮನಿಯ ವೈಮರ್ ಅರಮನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಕೂತು ಆ ಸಂಪುಟದ ಹಲವು ಕನ್ಚೆರ್ಟೊಗಳನ್ನು ಆರ್ಗನ್ನಿಗೂ ಹಾರ್ಪ್ಸಿಕಾರ್ಡಿಗೂ ಹೊಂದಿಸಿ ಬರೆದ. ಇಡೀ ಆರ್ಕೆಸ್ಟ್ರಾವನ್ನೂ ಸೋಲೊವನ್ನೂ ಒಬ್ಬನ ಎರಡು ಕೈಗೆ ಇಳಿಸಬೇಕಾದರೆ ಪ್ರತಿ ಸಾಲೂ ಯಾಕೆ ಅಲ್ಲಿದೆ ಅಂತ ತಿಳಿಯಲೇಬೇಕು. ಆ ಪಾಠವನ್ನು ಅವನು ಎಲ್ಲಿಗೆ ಒಯ್ದ ಅನ್ನೋದು ನಮ್ಮ ಇ ಮೇಜರ್ ಕನ್ಚೆರ್ಟೊದಲ್ಲಿ ಕಾಣುತ್ತದೆ.

ಅದು ಶುರುವಾಗೋದು ಮೂರೇ ಸ್ವರಗಳಿಂದ. ಇ, ಜಿ ಶಾರ್ಪ್, ಬಿ. ನಮ್ಮ ಲೆಕ್ಕದಲ್ಲಿ ಸ, ಗ, ಪ. ಮೂರೂ ಸಮನಾದ ಅಳತೆಯವು, ಮೆಟ್ಟಿಲು ಹತ್ತಿದ ಹಾಗೆ ಒಂದಾದ ಮೇಲೊಂದು. ಸಂಗೀತ ಕಲಿಯದವರೂ ಒಮ್ಮೆ ಕೇಳಿ ಹಾಡಿಬಿಡಬಹುದು. ಇಷ್ಟು ಸಾದಾ ತಲೆ ಇಟ್ಟುಕೊಂಡು ಹನ್ನೊಂದು ಬಾರ್‌ಗಳ ರಿಟೊರ್ನೆಲ್ಲೊ ಹೆಣೆದಿದ್ದಾನೆ. (ಬಾರ್ ಅಂದರೆ ನಮ್ಮ ಆವರ್ತನದ ಥರ ಒಂದು ಅಳತೆ ಅಂದುಕೊಳ್ಳಿ.) ಹನ್ನೆರಡನೇ ಬಾರ್‌ಗೆ ಸೋಲೊ ಬರುತ್ತದೆ. ಬಂದು ಏನು ನುಡಿಸುತ್ತೆ? ಅದೇ ಸ, ಗ, ಪ.

'ವಸಂತ'ದಲ್ಲಿ ಹೀಗಿಲ್ಲ. ಅಲ್ಲಿ ಸೋಲೊ ಬಂದದ್ದೇ ಹಕ್ಕಿಯಾಗುತ್ತೆ, ಆರ್ಕೆಸ್ಟ್ರಾದ ಸಾಲನ್ನು ಅದು ಮುಟ್ಟೋಕೆ ಹೋಗೋದಿಲ್ಲ. ಸಾಲು ಇವರದು, ಕುಣಿತ ಅವಳದು ಅಂತ ಆಸ್ತಿ ಪಾಲಾಗಿದೆ. ಹಂಚಿಕೆ ಇರೋದು ಬೇರೆ ಥರ. ಹಕ್ಕಿಗಳ ಕೂಗಿಗೆ ಸೋಲೊ ಜೊತೆ ಆರ್ಕೆಸ್ಟ್ರಾದ ಇನ್ನಿಬ್ಬರು ವಯೊಲಿನ್‌ನವರೂ ಎದ್ದು ಬರುತ್ತಾರೆ. ಮೂರು ಹಕ್ಕಿ ಒಟ್ಟಿಗೆ ಕೂಗುತ್ತವೆ. ವಿವಾಲ್ಡಿ ಯಾವಾಗಲೂ ಆಸ್ತಿ ಬೇರೆ ಇಡುತ್ತಾನೆ ಅಂತಲ್ಲ. ವಯೊಲಿನ್ ಕಲಿಯುವ ಮಕ್ಕಳು ಸುಜುಕಿಯ ನಾಲ್ಕನೇ ಪುಸ್ತಕದಲ್ಲಿ ನುಡಿಸುವ ಅವನ ಎ ಮೈನರ್ ಕನ್ಚೆರ್ಟೊದಲ್ಲಿ ಸೋಲೊ ಬಾಯಿ ತೆರೆಯೋದೇ ಆರ್ಕೆಸ್ಟ್ರಾದ ಸಾಲಿಂದ. ಆದರೆ ಬಾಖ್ ಅಲ್ಲಿಗೇ ನಿಲ್ಲೋದಿಲ್ಲ.

ಇ ಮೇಜರ್‌ನಲ್ಲಿ ಸೋಲೊ ತನ್ನ ದಾರಿ ಹಿಡಿದು ವೇಗದ ಸ್ವರಗಳಲ್ಲಿ ಓಡತೊಡಗಿದಾಗಲೂ ಆರ್ಕೆಸ್ಟ್ರಾ ಬಿಲ್ಲು ಕೆಳಗಿಟ್ಟು ಕೂರೋದಿಲ್ಲ. ಆ ಮೂರು ಸ್ವರ ಕೆಳಗಿಂದ ಬರುತ್ತಲೇ ಇರುತ್ತೆ, ಒಮ್ಮೆ ವಯೊಲಿನ್‌ಗಳಲ್ಲಿ, ಒಮ್ಮೆ ಚೆಲ್ಲೊದಲ್ಲಿ. ರಿಟೊರ್ನೆಲ್ಲೊದ ತಲೆಯನ್ನು ಕತ್ತರಿಸಿ ಅದನ್ನೇ ಸೋಲೊದ ಕೆಳಗೆ ಹಾಸಿದ್ದಾನೆ. ಹಾಗಾದರೆ ಅಲ್ಲಿ ಯಾರು ಮುಖ್ಯ, ಯಾರು ಪಕ್ಕವಾದ್ಯ? ಮಧ್ಯಭಾಗದ ಶುರುವಿನಲ್ಲಿ ಇದು ಅತ್ಯಂತ ಸ್ಪಷ್ಟ. ಷಡ್ಜ ಹಳೆಯ ದೈವತಕ್ಕೆ ಇಳಿದಿರುತ್ತೆ, ಅದೇ ನಟಭೈರವಿಯ ಕಡೆಗಿನ ಮೋಡ. ಸೋಲೊ ಬಿಡಿಬಿಡಿ ಸ್ವರಗಳ ಅಲೆ ನುಡಿಸ್ತಾ ಇರ್ತಾಳೆ, ಅದರಲ್ಲಿ ಹಾಡಿಕೊಳ್ಳುವಂಥ ಸಾಲೇ ಇಲ್ಲ. ಹಾಡಿಕೊಳ್ಳುವಂಥದ್ದು ನಮ್ಮ ಹತ್ತಿರ ಇದೆ. ಮೂರು ಸ್ವರ, ಈಗ ಗಾಂಧಾರ ಇಳಿದು ಸ್ವಲ್ಪ ಬೇಸರದ ದನಿಯಲ್ಲಿ.

ಅಭ್ಯಾಸದಲ್ಲಿ ನಾವು ಒದ್ದಾಡಿದ್ದು ಇಲ್ಲೇ. ಪಕ್ಕವಾದ್ಯ ತಾನೇ ಅಂತ ತೀರಾ ಮೆಲ್ಲಗೆ ನುಡಿಸಿದರೆ ಸೋಲೊ ಹುಡುಗಿಯ ಅಲೆ ಬರೀ ಬೆರಳಿನ ಕಸರತ್ತಿನ ಹಾಗೆ ಕೇಳುತ್ತಿತ್ತು. ಜೋರು ಮಾಡಿದರೆ ಅವಳು ಮುಳುಗಿ ಹೋಗ್ತಿದ್ದಳು. ನಮ್ಮ ಚೆಲ್ಲೊ ಮೇಷ್ಟ್ರು ಒಂದು ಉಪಾಯ ಹೇಳಿದರು. "ಜೋರು ಬೇಡ ಕಣ್ರಪ್ಪ, ಬಿಡಿಸಿ ನುಡಿಸಿ. ಒಂದೊಂದು ಸ್ವರದ ಮಧ್ಯೆ ಒಂಚೂರು ಗಾಳಿ ಆಡಲಿ." ಸೋಲೊದ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಹರಿಯುವಾಗ ನಮ್ಮ ಮೂರು ಸ್ವರ ಬಿಡಿಯಾಗಿ ನಿಂತರೆ, ದನಿ ಏರಿಸದೆಯೂ ಅವು ಕಿವಿಗೆ ಬೀಳುತ್ತವೆ. ಸರಿಯಾಯಿತೋ ಇಲ್ಲವೋ ಅಂತ ತಿಳಿಯೋಕೆ ಕೋಣೆಯ ಹಿಂದಿನ ಗೋಡೆಯ ಹತ್ತಿರ ಒಂದು ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದೆವು. ಕೇಳುವಾಗ ಪರೀಕ್ಷೆ ಒಂದೇ: ಸೋಲೊ ಓಡ್ತಿರುವಾಗ ಆ ಮೂರು ಸ್ವರದ ಜೊತೆ ನೀವು ಗುನುಗೋಕೆ ಆಗುತ್ತಾ? ಆದರೆ ತೂಕ ಸರಿ ಇದೆ. ಹುಡುಕಬೇಕಾದರೆ ಸರಿ ಇಲ್ಲ.

ಹಂಚಿಕೆ ಒಂದೇ ಕಡೆಯಿಂದ ಅಲ್ಲ ಅನ್ನೋದಕ್ಕೆ ಇನ್ನೊಂದು ಸಂಗತಿ. ರಿಟೊರ್ನೆಲ್ಲೊ ಬಂದಾಗ ಸೋಲೊ ಕಲಾವಿದೆ ಸುಮ್ಮನೆ ನಿಂತಿರೋದಿಲ್ಲ. ಬರೋಕ್ ಪದ್ಧತಿಯಲ್ಲಿ ಅವಳು ಫಸ್ಟ್ ವಯೊಲಿನ್‌ಗಳ ಜೊತೆ ಅದೇ ಸಾಲನ್ನು ನುಡಿಸುತ್ತಾಳೆ. ಅವಳ ಸ್ವರಲಿಪಿಯಲ್ಲೇ ಅದು ಬರೆದಿರುತ್ತೆ. ಅಂದರೆ ಅವಳು ಗುಂಪಿನೊಳಗಿಂದ ಹೊರಗೆ ಬಂದು, ಮತ್ತೆ ಗುಂಪಿನೊಳಕ್ಕೆ ಹೋಗುವವಳು. ಆಮೇಲಿನ ಶತಮಾನದ ಕನ್ಚೆರ್ಟೊಗಳಲ್ಲಿ ಹೀರೊ ಎಂಟ್ರಿ ಕೊಟ್ಟ ಹಾಗೆ ಸೋಲೊ ಕಾಯುತ್ತಾ ನಿಂತಿರುತ್ತಲ್ಲ, ಆ ಪದ್ಧತಿ ಇಲ್ಲಿಲ್ಲ. ಕೇಳುವಾಗ ಸೋಲೊ ಯಾವಾಗ ಮುಗಿಯಿತು ಅಂತ ತಿಳಿಯದಿದ್ದರೆ, ಒಂಟಿ ದನಿ ದಪ್ಪವಾಗಿ ಅಗಲವಾದ ಕ್ಷಣಕ್ಕೆ ಗಮನ ಕೊಡಿ. ರಿಟೊರ್ನೆಲ್ಲೊ ಬಂತು ಅಂತ ಅರ್ಥ. ಆದರೆ ಬಾಖ್‌ನಲ್ಲಿ ಈ ಗುರುತೂ ಕೆಲವು ಸಲ ಮೋಸ ಮಾಡುತ್ತೆ. ಸೋಲೊ ಮಾತಾಡ್ತಿರುವಾಗಲೇ ನಾವು ಮಧ್ಯೆ ಬಾಯಿ ಹಾಕ್ತೀವಲ್ಲ! ರಿಟೊರ್ನೆಲ್ಲೊ ಇಲ್ಲಿಗೆ ಮುಗೀತು, ಸೋಲೊ ಇಲ್ಲಿಂದ ಶುರು ಅಂತ ನಾನು ಪೆನ್ಸಿಲಿನಲ್ಲಿ ಎಳೆದ ಗೆರೆಗಳಲ್ಲಿ ಅರ್ಧದಷ್ಟನ್ನು ಅಳಿಸಿದ್ದು ಅದಕ್ಕೇ. ಅಲ್ಲಿ ಗೆರೆಯೇ ಇಲ್ಲ.

ಸರಿ, ಆರು ನಿಮಿಷದ ಲೆಕ್ಕ ಏನಾಯಿತು? ಈ ಭಾಗದ ಒಟ್ಟು ನಕ್ಷೆ ಹೀಗಿದೆ. ಮೊದಲ ಭಾಗ 52 ಬಾರ್, ಇ ಮೇಜರ್‌ನಲ್ಲಿ ಶುರು, ಅಲ್ಲೇ ಮುಕ್ತಾಯ. ನಂತರ ಮಧ್ಯಭಾಗ 70 ಬಾರ್, ಆ ಮೋಡದ ಬಣ್ಣದ್ದು, ದೂರದೂರ ಅಲೆಯುವಂಥದ್ದು. ಅದರ ಕೊನೆಗೆ ಓಟ ತಟ್ಟನೆ ನಿಂತು, ಸೋಲೊ ನಿಧಾನವಾಗಿ ಒಂದೆರಡು ಬಾರ್ ನುಡಿಸಿ ಉಸಿರು ಹಿಡಿದ ಹಾಗೆ ನಿಲ್ಲುತ್ತಾಳೆ. ಆಮೇಲೆ ಮೊದಲ ಭಾಗ ಇದ್ದಂತೆಯೇ ಮತ್ತೊಮ್ಮೆ. ಇದು ಆ ಕಾಲದ ಆಪೆರಾ ಹಾಡುಗಳ ನಕ್ಷೆ, ಬಾಖ್ ಅದನ್ನು ಕನ್ಚೆರ್ಟೊಗೆ ಹೊಲಿದಿದ್ದಾನೆ.

ನಮ್ಮ ಮುಂದೆ ಮೂರು ದಾರಿ ಇತ್ತು. ಮಧ್ಯದ ರಿಟೊರ್ನೆಲ್ಲೊಗಳನ್ನು ಕಿತ್ತುಹಾಕೋದು ಒಂದು. ನೋಡೋಣ ಅಂತ ಒಂದು ಸಲ ನುಡಿಸಿದೆವು. ಒಂದು ಷಡ್ಜದಲ್ಲಿ ನಿಂತ ಸೋಲೊ ಮುಂದಿನ ಕ್ಷಣಕ್ಕೆ ಇನ್ನೊಂದು ಷಡ್ಜದಲ್ಲಿ ಬಿತ್ತು. ಮೆಟ್ಟಿಲಿದೆ ಅಂತ ಕಾಲಿಟ್ಟು ನೆಲ ಸಿಗದ ಹಾಗೆ. ಎರಡನೇ ದಾರಿ, ಮೊದಲ 52 ಬಾರ್ ಮಾತ್ರ ನುಡಿಸಿ ನಮಸ್ಕಾರ ಹೇಳೋದು. ಅದು ಸಂಗೀತವಾಗಿ ಪೂರ್ತಿಯೇ, ಎರಡೂಕಾಲು ನಿಮಿಷದಲ್ಲಿ ಮುಗಿಯುತ್ತೆ. ಆದರೆ ಆ ಮೂರು ಸ್ವರ ಊರು ಬಿಟ್ಟು ಹೋಗೋದೇ ಇಲ್ಲ. ಹೋಗದವರಿಗೆ ವಾಪಸ್ ಬರೋದು ಎಲ್ಲಿಂದ? ಮೂರನೆಯದು, ಮೊದಲ ಭಾಗ, ಮಧ್ಯಭಾಗ ಎರಡನ್ನೂ ಮುಟ್ಟದೆ ನುಡಿಸಿ, ಕೊನೆಗೆ ಪೂರ್ತಿ 52 ಬಾರ್ ಮತ್ತೆ ನುಡಿಸುವ ಬದಲು ಶುರುವಿನ ಹನ್ನೊಂದು ಬಾರ್‌ನ ರಿಟೊರ್ನೆಲ್ಲೊ ಒಂದನ್ನೇ ನುಡಿಸಿ ಮುಗಿಸೋದು. ಒಟ್ಟು 174 ಬಾರ್‌ಗಳಲ್ಲಿ 133 ಉಳಿಯುತ್ತವೆ. ನಮ್ಮ ವೇಗಕ್ಕೆ ಆರು ನಿಮಿಷದ ಅಂಚಿಗೆ ಬಂದು ನಿಲ್ಲುತ್ತೆ.

ಆ ಹನ್ನೊಂದು ಬಾರ್ ತನ್ನಷ್ಟಕ್ಕೆ ತಾನು ಪೂರ್ಣ. ತಲೆಯಿದೆ, ನಡುವಿದೆ, ಬಾಗಿಲು ಹಾಕುವ ಬಾಲವೂ ಇದೆ. ಆದ್ದರಿಂದಲೇ ಹೀಗೆ ಮಾಡೋಕೆ ಆಯಿತು. ನಷ್ಟ ಇಲ್ಲ ಅಂತಲ್ಲ. ಅಲೆದಾಡಿ ಬಂದ ಮೇಲೆ ಅದೇ ಸೋಲೊ ಸಾಲುಗಳನ್ನು ಎರಡನೇ ಸಲ ಕೇಳುವ ಸುಖ ಹೋಯಿತು. ಸೋಲೊ ಹುಡುಗಿಯ ಭಾಗದಲ್ಲೇ ಹೆಚ್ಚು ಕಡಿಮೆಯಾದದ್ದು, ಅವಳ ಮುಖ ಒಂದು ಕ್ಷಣ ಚಿಕ್ಕದಾಯಿತು. ಆಮೇಲೆ ಅವಳೇ ನಕ್ಕು, "ಅಣ್ಣಾ, ಸೋಲೊ ಪೂರ್ತಿ ಇರಲಿ ಅಂತ ಶುರು ಮಾಡಿ ಕೊನೆಗೆ ಸೋಲೊನೇ ಕಟ್ ಮಾಡಿದ್ರಲ್ಲ!" ಅಂದಳು. ಆದರೂ ಕೊನೆಯ ಹನ್ನೊಂದು ಬಾರ್‌ನಲ್ಲಿ ಅವಳೂ ನುಡಿಸ್ತಾಳೆ, ಫಸ್ಟ್ ವಯೊಲಿನ್‌ಗಳ ಜೊತೆ ಸೇರಿ.

ಆ ನಿಲುಗಡೆಯ ನಂತರದ ಮೊದಲ ಮೂರು ಸ್ವರವನ್ನು ನಾವು ಎಷ್ಟು ಸಲ ಅಭ್ಯಾಸ ಮಾಡಿದೆವೋ ಲೆಕ್ಕವಿಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ ಬಿಲ್ಲು ಇಳಿಸಬೇಕು, ಯಾರೂ ಮುನ್ನುಗ್ಗಬಾರದು. ಬರೆದಿರೋದು ನೋಡಿದರೆ ಅದು ಮೊದಲ ಬಾರ್‌ನ ಅದೇ ಸ, ಗ, ಪ, ಒಂದು ಚುಕ್ಕೆಯೂ ವ್ಯತ್ಯಾಸವಿಲ್ಲ. ಆದರೆ ಶುರುವಿನಲ್ಲಿ ಅದು ಬರೀ ಪರಿಚಯ. ಈಗ, ಎಪ್ಪತ್ತು ಬಾರ್ ಬೇರೆ ಬೇರೆ ಷಡ್ಜದಲ್ಲಿ ಅದೇ ಸ್ವರಗಳನ್ನು ಕೇಳಿ ಬಂದ ಕಿವಿಗೆ, ಅದು ಮನೆ. ಮೊಬೈಲಿನಲ್ಲಿ ಕೇಳುವಾಗ ನೀವು ಆ ಜಾಗಕ್ಕೆ ನೇರವಾಗಿ ಫಾರ್ವರ್ಡ್ ಮಾಡಬೇಡಿ. ಮಾಡಿದರೆ ಮೂರು ಸ್ವರ ಕೇಳುತ್ತೆ, ಅಷ್ಟೇ.